ಸ್ಲೈಡ್‌ಗಳ ಕೋಷ್ಟಕ ಮತ್ತು ಚಾರ್ಟ್‌ಗಳಿಂದ ದತ್ತಾಂಶ ಪಡೆಯುವಿಕೆ

ಸ್ಲೈಡ್‌ಗಳಿಂದ ದತ್ತಾಂಶ ಪಡೆಯುವಿಕೆ ಎಂದರೆ ಪ್ರಸ್ತುತಿ ಕಡತದ ಸ್ಲೈಡ್‌ಗಳಲ್ಲಿರುವ ಕೋಷ್ಟಕ ಮತ್ತು ಚಾರ್ಟ್‌ಗಳ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕಕ್ಕೆ ಒದಗುವ ಅಡ್ಡಸಾಲು ಮತ್ತು ಕಂಬಸಾಲುಗಳಾಗಿ ಪರಿವರ್ತಿಸುವ ಕ್ರಿಯೆ. ಸ್ಲೈಡ್‌ನ ಮೇಲೆ ಕಾಣುವ ಅಂಕಿಯೂ ಅದರ ಹಿಂದೆ ಉಳಿದಿರುವ ಅಂಕಿಯೂ ಅನೇಕ ಸಲ ಬೇರೆಬೇರೆಯಾಗಿರುತ್ತವೆ. ಆದುದರಿಂದ ಕಂಡದ್ದನ್ನು ನಕಲು ಮಾಡುವುದಕ್ಕಿಂತ ಮೂಲ ಅಂಕಿಯನ್ನು ತಲುಪುವುದೇ ಈ ಕ್ರಿಯೆಯ ಗುರಿಯಾಗಿದೆ. ಈ ಲೇಖನವು ಮುಖ್ಯವಾಗಿ ಮೈಕ್ರೋಸಾಫ್ಟ್ ಪವರ್‌ಪಾಯಿಂಟ್‌ನ `.pptx` ಕಡತಗಳಿಗೆ ಸಂಬಂಧಿಸಿದೆ.

## ಚಾರ್ಟ್‌ನ ಹಿಂದಿನ ಅಂಕಿಗಳು

ಪವರ್‌ಪಾಯಿಂಟ್‌ನಲ್ಲಿಯೇ ರಚಿಸಿದ ಚಾರ್ಟ್ ಕೇವಲ ಚಿತ್ರವಲ್ಲ. ಅದರೊಂದಿಗೆ ಒಂದು ಸಣ್ಣ ಎಕ್ಸೆಲ್ ಹಾಳೆಯು ಅಡಕವಾಗಿರುತ್ತದೆ. ಚಾರ್ಟ್‌ನ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ `Edit Data` ಆಯ್ದುಕೊಂಡರೆ ಆ ಹಾಳೆಯು ತೆರೆದುಕೊಳ್ಳುತ್ತದೆ; ಅಲ್ಲಿಂದ ಅಂಕಿಗಳನ್ನು ನಕಲಿಸಬಹುದು.

ಚಾರ್ಟ್ ಬೇರೊಂದು ಎಕ್ಸೆಲ್ ಕಡತಕ್ಕೆ ಜೋಡಿಸಲ್ಪಟ್ಟಿದ್ದು, ಆ ಕಡತವು ದೊರೆಯದಿದ್ದರೆ ಹಾಳೆಯು ತೆರೆಯುವುದಿಲ್ಲ. ಆಗಲೂ ಒಂದು ದಾರಿಯಿದೆ. `.pptx` ಕಡತವು ವಾಸ್ತವವಾಗಿ ಜಿಪ್ ವಿಧಾನದಲ್ಲಿ ಕಟ್ಟಿದ ಗಂಟು. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಅದರ ಹೆಸರಿನ ಕೊನೆಯನ್ನು `.zip` ಎಂದು ಬದಲಿಸಿ ಬಿಚ್ಚಿದರೆ `ppt/charts` ಎಂಬ ಕಡತಕೋಶದಲ್ಲಿ ಚಾರ್ಟ್‌ನ ವಿವರಗಳಿರುತ್ತವೆ. ಚಾರ್ಟನ್ನು ಬಿಡಿಸಲು ಕೊನೆಯ ಬಾರಿ ಬಳಸಿದ ಅಂಕಿಗಳು ಅಲ್ಲಿ `c:numCache` ಎಂಬ ಭಾಗದಲ್ಲಿ ಉಳಿದಿರುತ್ತವೆ.

## ಉದಾಹರಣೆ

ಕರ್ನಾಟಕದ ಜನಗಣತಿಯ ಅಂಕಿಗಳನ್ನು ಒಂದು ಸ್ಲೈಡ್‌ನಲ್ಲಿ ಕೋಟಿಗಳಲ್ಲಿ, ಒಂದೇ ದಶಮಾಂಶ ಸ್ಥಾನಕ್ಕೆ ತೋರಿಸಲಾಗಿದೆ ಎಂದು ಭಾವಿಸಬಹುದು. ಅದರಲ್ಲಿ ನಗರ ಜನಸಂಖ್ಯೆಯು 2001ರಲ್ಲಿ 1.8, 2011ರಲ್ಲಿ 2.4 ಎಂದು ಕಾಣುತ್ತದೆ. ಇವುಗಳಿಂದ ಲೆಕ್ಕ ಹಾಕಿದರೆ ಬೆಳವಣಿಗೆಯು ಶೇಕಡ 33.3 ಆಗುತ್ತದೆ. ಹಿಂದಿನ ಹಾಳೆಯಲ್ಲಿರುವ ಪೂರ್ಣ ಅಂಕಿಗಳು 1,79,61,529 ಮತ್ತು 2,36,25,962. ಇವುಗಳ ಪ್ರಕಾರ ಬೆಳವಣಿಗೆಯು ಶೇಕಡ 31.5 ಮಾತ್ರ. ಸ್ಲೈಡ್‌ನ ಅಂಕಿಗಳು ಸುಳ್ಳಲ್ಲ, ಆದರೆ ಮುಂದಿನ ಲೆಕ್ಕಕ್ಕೆ ಅವು ಸಾಲವು.

ಸ್ಲೈಡ್‌ನ ಕೋಷ್ಟಕದಲ್ಲಿ ಸಾಮಾನ್ಯವಾಗಿ ವರ್ಷಗಳು ಶೀರ್ಷಿಕೆಯಾಗಿ ಅಡ್ಡಲಾಗಿಯೂ, ಗ್ರಾಮೀಣ, ನಗರ ಮತ್ತು ಒಟ್ಟು ಎಂಬ ವಿಭಾಗಗಳು ಒಂದರ ಕೆಳಗೊಂದಾಗಿಯೂ ಇರುತ್ತವೆ. ಅದನ್ನು ಒಂದು ಅಡ್ಡಸಾಲಿಗೆ ಒಂದೇ ಅಂಕಿ ಬರುವಂತೆ ಹೀಗೆ ಬದಲಿಸಲಾಗುತ್ತದೆ:

| ವರ್ಷ | ವಿಭಾಗ | ಜನಸಂಖ್ಯೆ |
|---|---|---|
| 2001 | ಗ್ರಾಮೀಣ | 34889033 |
| 2001 | ನಗರ | 17961529 |
| 2011 | ಗ್ರಾಮೀಣ | 37469335 |
| 2011 | ನಗರ | 23625962 |

ಇಲ್ಲಿ 'ಒಟ್ಟು' ಎಂಬ ಸಾಲನ್ನು ಬಿಡಲಾಗಿದೆ. ಅದನ್ನು ಉಳಿಸಿದರೆ ಕಂಬಸಾಲನ್ನು ಕೂಡಿಸುವಾಗ ಪ್ರತಿಯೊಬ್ಬರೂ ಎರಡು ಸಲ ಎಣಿಕೆಗೆ ಬರುತ್ತಾರೆ. ಆದರೆ ಬಿಟ್ಟ ಸಾಲು ತಾಳೆ ನೋಡಲು ಉಪಯುಕ್ತ: 2011ರ ಎರಡು ಅಂಕಿಗಳ ಮೊತ್ತವು ರಾಜ್ಯದ ಒಟ್ಟು ಜನಸಂಖ್ಯೆಯಾದ 6,10,95,297ಕ್ಕೆ ಸರಿಹೊಂದುತ್ತದೆ. ಹೊಂದದಿದ್ದರೆ ಯಾವುದೋ ಅಂಕಿ ಬಿಟ್ಟುಹೋಗಿದೆ ಅಥವಾ ತಪ್ಪಾಗಿದೆ ಎಂದು ತಿಳಿಯಬೇಕು.

## ಕೋಷ್ಟಕಗಳಲ್ಲಿ ಬರುವ ದೋಷಗಳು

ಕೋಷ್ಟಕವನ್ನು ನೇರವಾಗಿ ನಕಲಿಸಿ ಎಕ್ಸೆಲ್‌ಗೆ ಅಂಟಿಸಬಹುದು. ಆದರೆ ಹಲವು ಕೋಶಗಳನ್ನು ಕೂಡಿಸಿ ಒಂದು ಮಾಡಿದ್ದಲ್ಲಿ, ಬೇರ್ಪಡಿಸಿದ ಬಳಿಕ ಮೊದಲ ಕೋಶದಲ್ಲಿ ಮಾತ್ರ ಹೆಸರು ಉಳಿದು ಮಿಕ್ಕವು ಖಾಲಿಯಾಗುತ್ತವೆ. ಆ ಹೆಸರನ್ನು ಪ್ರತಿ ಖಾಲಿ ಕೋಶದಲ್ಲಿಯೂ ತುಂಬಬೇಕು. ಇಲ್ಲವಾದರೆ ವಿಂಗಡಣೆ ಮಾಡಿದೊಡನೆ ಯಾವ ಅಂಕಿ ಯಾವ ಹೆಸರಿಗೆ ಸೇರಿದ್ದೆಂಬುದು ತಪ್ಪಿಹೋಗುತ್ತದೆ.

ಮತ್ತೊಂದು ದೋಷವು ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಅಂಕಿಗಳು, ಅಲ್ಪವಿರಾಮಗಳು ಅಥವಾ ಅಂಕಿಯ ಪಕ್ಕದ ಖಾಲಿ ಜಾಗದ ಕಾರಣದಿಂದ ಅಂಕಿಯು ಪಠ್ಯವಾಗಿ ಉಳಿಯಬಹುದು. ಅಂಥ ಅಂಕಿಯು ಸಾಮಾನ್ಯವಾಗಿ ಕೋಶದ ಎಡಬದಿಗೆ ಸರಿದಿರುತ್ತದೆ, ಮತ್ತು `SUM` ಅದನ್ನು ಎಚ್ಚರಿಕೆಯಿಲ್ಲದೆ ಬಿಟ್ಟುಬಿಡುತ್ತದೆ. ಅಲ್ಪವಿರಾಮ ಹಾಗೂ ಒಡೆಯದ ಖಾಲಿ ಜಾಗವನ್ನು ತೆಗೆಯಲು ಈ ಸೂತ್ರವನ್ನು ಬಳಸಬಹುದು:

```
=VALUE(SUBSTITUTE(SUBSTITUTE(C2,",",""),CHAR(160),""))
```

ಕನ್ನಡ ಅಂಕಿಗಳನ್ನು ಇದಕ್ಕೆ ಮೊದಲೇ `Find and Replace` ಮೂಲಕ ಬದಲಿಸಿಕೊಳ್ಳಬೇಕು.

## ಮಿತಿಗಳು

ಚಾರ್ಟನ್ನು ಚಿತ್ರವಾಗಿ ಅಂಟಿಸಿದ್ದರೆ `Edit Data` ಆಯ್ಕೆಯು ಕಾಣಿಸುವುದಿಲ್ಲ. ಆಗ ಅಕ್ಷದ ಮೇಲೆ ಬೆಲೆ ತಿಳಿದ ಎರಡು ಬಿಂದುಗಳನ್ನು ಗುರುತಿಸಿ, ಉಳಿದ ಎತ್ತರಗಳನ್ನು ಅಳೆಯಬೇಕಾಗುತ್ತದೆ. ವೆಬ್‌ಪ್ಲಾಟ್‌ಡಿಜಿಟೈಜರ್ ಎಂಬ ತಂತ್ರಾಂಶವು ಇದಕ್ಕೆ ನೆರವಾಗುತ್ತದೆ. ಸೊನ್ನೆಯಿಂದ 4 ಕೋಟಿಯವರೆಗಿನ ಅಕ್ಷವು 400 ಪಿಕ್ಸೆಲ್ ಎತ್ತರವಿದ್ದರೆ ಒಂದು ಪಿಕ್ಸೆಲ್ ಒಂದು ಲಕ್ಷಕ್ಕೆ ಸಮ. ಹೀಗೆ ಪಡೆದ ಬೆಲೆಯನ್ನು ಅಂದಾಜೆಂದೇ ನಮೂದಿಸಬೇಕು. ಚಾರ್ಟ್ ರಚಿಸಿದವರು ಹಾಳೆಯಲ್ಲಿಯೇ 1.8 ಎಂದು ತುಂಬಿದ್ದರೆ, ಪೂರ್ಣ ಅಂಕಿಯನ್ನು ಆ ಕಡತದಿಂದ ಮರಳಿ ಪಡೆಯಲಾಗದು. ಮೂಲ ಪ್ರಕಟಣೆಯನ್ನೇ ನೋಡಬೇಕಾಗುತ್ತದೆ.