ಸರಿದದ್ದು ಗೆರೆಯೋ ಚುಕ್ಕಿಯೋ: ಒಂದು ಪಾಠ ನಡೆದು ಬಂದ ದಾರಿ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಉತ್ತರಗಳಲ್ಲಿ ಒಂದು ಮಾತು ನನಗೆ ಪ್ರತಿ ವರ್ಷ ಸಿಗುತ್ತದೆ. ಬೆಲೆ ಏರಿತು, ಅದರಿಂದ ಬೇಡಿಕೆ ಇಳಿಯಿತು, ಬೇಡಿಕೆ ಇಳಿದದ್ದರಿಂದ ಬೆಲೆ ಮತ್ತೆ ಇಳಿಯಿತು. ಹೀಗೆ ಬರೆದ ವಿದ್ಯಾರ್ಥಿ ಗೆರೆಯ ಮೇಲಿನ ಚಲನೆಯನ್ನು ಗೆರೆಯ ಪಲ್ಲಟ ಎಂದುಕೊಂಡಿದ್ದಾನೆ. ಇದಕ್ಕೆ ಮದ್ದೆಂದು ಈಚೆಗೆ ಗೈಡುಗಳಲ್ಲಿ ಒಂದು ಸೂತ್ರ ಹರಡಿದೆ: ಪ್ರಶ್ನೆಯಲ್ಲಿ 'ಬೆಲೆ' ಎಂಬ ಪದವಿದ್ದರೆ ಚಲನೆ, ಇಲ್ಲದಿದ್ದರೆ ಪಲ್ಲಟ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಮಕ್ಕಳಿಗೆ ಬಹಳ ವರ್ಷ ಈ ಪಾಠ ಹೇಳಿದವನಾಗಿ ಈ ಸೂತ್ರ ತಪ್ಪು ಎಂದು ಹೇಳಲೇಬೇಕು. ಅಕ್ಕಿಯ ಬೆಲೆ ಏರಿದರೆ ಗಿರಣಿಯವರು ಭತ್ತವನ್ನು ಮೊದಲಿನ ಬೆಲೆಗೇ ಹೆಚ್ಚು ಕೊಳ್ಳಲು ಮುಂದಾಗುತ್ತಾರೆ. ಪ್ರಶ್ನೆಯಲ್ಲಿ 'ಬೆಲೆ' ಇದೆ, ಆದರೂ ಭತ್ತದ ಬೇಡಿಕೆಯ ಗೆರೆ ಇಡಿಯಾಗಿ ಬಲಕ್ಕೆ ಸರಿಯುತ್ತದೆ.

ಈ ಭೇದ ಗೈಡು ಬರೆದವರಿಗೆ ಹೊಳೆದದ್ದಲ್ಲ. 1838ರಲ್ಲಿ ಫ್ರಾನ್ಸಿನ ಕೂರ್ನೋ ಬೇಡಿಕೆಯ ಗೆರೆ ಎಳೆದಾಗ ಬೆಲೆಯನ್ನು ಅಡ್ಡ ಅಕ್ಷದ ಮೇಲೆ ಇಟ್ಟಿದ್ದ. 1870ರಲ್ಲಿ ಎಂಜಿನಿಯರ್ ಫ್ಲೀಮಿಂಗ್ ಜೆಂಕಿನ್ ಬೇಡಿಕೆ, ಪೂರೈಕೆ ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ. 1890ರಲ್ಲಿ ಮಾರ್ಷಲ್ ಬೆಲೆಯನ್ನು ಲಂಬ ಅಕ್ಷಕ್ಕೆ ಏರಿಸಿದ ಪುಸ್ತಕ ಬಂತು, ಅದೇ ರೂಢಿಯಾಗಿ ನಮ್ಮ ಕರಿಹಲಗೆಗೂ ತಲುಪಿತು. ಬೇಡಿಕೆ ಹೆಚ್ಚುವುದೆಂದರೆ ಅದೇ ಬೆಲೆಗೆ ಹೆಚ್ಚು ಕೊಳ್ಳುವುದು, ಅಷ್ಟನ್ನೇ ಹೆಚ್ಚಿನ ಬೆಲೆಗೂ ಕೊಳ್ಳುವುದು ಎಂದು ಅವನು ಬಿಡಿಸಿ ಹೇಳಿದ. ಇವತ್ತಿಗೂ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ. ಆದರೆ ಬೆಲೆ ಲಂಬ ಅಕ್ಷಕ್ಕೆ ಹೋದದ್ದರಿಂದ ಒಂದು ತೊಡಕೂ ಬಂತು. ಪೂರೈಕೆ ಕಡಿಮೆಯಾದಾಗ ಅದರ ಗೆರೆ ಎಡಕ್ಕೆ ಸರಿಯುತ್ತದೆ, ಕಣ್ಣಿಗೆ ಮಾತ್ರ ಮೇಲೆ ಹೋದಂತೆ ಕಾಣುತ್ತದೆ. ಮೇಲೆ ಹೋದದ್ದು ಹೆಚ್ಚಳವೇ ಇರಬೇಕೆಂದು ಮಕ್ಕಳು ಬರೆಯುವುದು ಇದರಿಂದಲೇ. ಪಲ್ಲಟವನ್ನು ಯಾವಾಗಲೂ ಎಡ–ಬಲವಾಗಿ ಓದಬೇಕು, ಮೇಲೆ–ಕೆಳಗೆ ಎಂದಲ್ಲ.

ಮುಂದೆ ದೊಡ್ಡವರೂ ಇದರಲ್ಲಿ ಎಡವಿದರು. ಅಮೆರಿಕದ ಹೆನ್ರಿ ಮೂರ್ 1914ರಲ್ಲಿ ಬೀಡುಕಬ್ಬಿಣದ ಬೆಲೆ ಮತ್ತು ಪ್ರಮಾಣದ ಅಂಕಿಗಳನ್ನು ಜೋಡಿಸಿ ನೋಡಿ, ಬೇಡಿಕೆಯ ಗೆರೆ ಮೇಲ್ಮುಖವಾಗಿದೆ ಎಂದ. 1927ರಲ್ಲಿ ಎಲ್ಮರ್ ವರ್ಕಿಂಗ್ ಇಂಥ ಲೆಕ್ಕಗಳ ಮೂಲ ತೊಡಕನ್ನು ತೋರಿಸಿದ. ಮಾರುಕಟ್ಟೆಯಲ್ಲಿ ನಮಗೆ ಕಾಣುವುದು ಚುಕ್ಕಿಗಳು ಮಾತ್ರ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಯಾವ ಗೆರೆ ಸರಿದಿದೆ ಎಂದು ತಿಳಿಯದೆ ಅವನ್ನು ಕೂಡಿಸಿದರೆ ಸಿಗುವುದು ಬೇಡಿಕೆಯೂ ಅಲ್ಲ, ಪೂರೈಕೆಯೂ ಅಲ್ಲ.

ಕನ್ನಡ ಮಾಧ್ಯಮದ ತರಗತಿಯಲ್ಲಿ ನಮ್ಮ ತಲೆಮಾರಿನವರ ಮೊದಲ ಕಷ್ಟ ಮಾತಿನದೇ ಆಗಿತ್ತು. 'ಬೇಡಿಕೆ ಇಳಿಯಿತು' ಎಂದು ಸಂತೆಯಲ್ಲಿ ಎರಡಕ್ಕೂ ಹೇಳುತ್ತಾರೆ. ಹಳೆಯ ಪುಸ್ತಕಗಳು ಚಲನೆಗೆ ವಿಸ್ತರಣೆ–ಸಂಕುಚನ ಎಂದೂ ಪಲ್ಲಟಕ್ಕೆ ಹೆಚ್ಚಳ–ಇಳಿಕೆ ಎಂದೂ ಹೆಸರಿಟ್ಟವು. ಮಕ್ಕಳು ನಾಲ್ಕೂ ಪದ ಬಾಯಿಪಾಠ ಮಾಡಿ, ನಾಲ್ಕನ್ನೂ ಅದಲುಬದಲು ಮಾಡಿದರು. ಹಾಗಾಗಿ ನಾವು ಕೆಲವರು ಚಲನೆಯ ಮಾತು ಬಂದಾಗಲೆಲ್ಲ 'ಬೇಡಿಕೆಯ ಪ್ರಮಾಣ' ಎಂದೇ ಹೇಳಲು ಕಲಿಸಿದೆವು. ಸೇಬು, ಚಹಾ, ಕಾಫಿಯ ಉದಾಹರಣೆ ಬಿಟ್ಟು ಸಿಂಧನೂರಿನ ಭತ್ತ ಹಿಡಿದೆವು.

ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಲೆಕ್ಕ ಇದು. ಅಂಕಿಗಳು ಪಾಠಕ್ಕಾಗಿ ಕಟ್ಟಿದವು. 75 ಕೆ.ಜಿ. ಚೀಲದ ಬೆಲೆ 1,600 ರೂಪಾಯಿ ಇದ್ದರೆ ಗಿರಣಿಯವರು 900 ಚೀಲ ಕೇಳುತ್ತಾರೆ, ರೈತರು 500 ತರುತ್ತಾರೆ. 1,800ಕ್ಕೆ ಇಬ್ಬರದೂ 700. 2,000ಕ್ಕೆ ಗಿರಣಿಯವರು 500, ರೈತರು 900. ಅಂದರೆ ವ್ಯಾಪಾರ 1,800ಕ್ಕೆ ನಿಲ್ಲುತ್ತದೆ.

ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬರಲಿಲ್ಲ ಎನ್ನಿ. ಪ್ರತಿ ಬೆಲೆಗೂ ರೈತರು ತರುವುದು 200 ಚೀಲ ಕಡಿಮೆಯಾಯಿತು. ಪೂರೈಕೆಯ ಗೆರೆ ಎಡಕ್ಕೆ ಸರಿಯಿತು. 1,800ಕ್ಕೆ ಕೇಳುವವರು 700 ಚೀಲಕ್ಕಿದ್ದಾರೆ, ಬಂದದ್ದು 500. ಬೆಲೆ ಏರುತ್ತ ಹೋಗಿ 1,900ಕ್ಕೆ 600 ಚೀಲದಲ್ಲಿ ಹೊಸ ಸಮತೋಲನ ಬರುತ್ತದೆ. ಗಿರಣಿಯವರ ಗೆರೆ ಅಲ್ಲಾಡಿಲ್ಲ, ಅವರು ಅದೇ ಗೆರೆಯ ಮೇಲೆ 700ರಿಂದ 600ಕ್ಕೆ ಬಂದರು. ಬೆಲೆ ಮತ್ತೆ ಇಳಿಯಲು ಕಾರಣವೇ ಇಲ್ಲ. ಮೊದಲು ಹೇಳಿದ ತಪ್ಪು ಉತ್ತರ ಇಲ್ಲಿಗೆ ಬಿದ್ದುಹೋಗುತ್ತದೆ.

ಇನ್ನೊಂದು ಸಂದರ್ಭ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು, 2024ರ ಸೆಪ್ಟೆಂಬರಿನಲ್ಲಿ ತೆಗೆಯಿತು. ರಫ್ತು ತೆರೆದದ್ದರಿಂದ ಪ್ರತಿ ಬೆಲೆಗೂ 200 ಚೀಲ ಹೆಚ್ಚು ಕೇಳಿಕೆ ಬಂತೆಂದು ಊಹಿಸಿ, ಪೂರೈಕೆ ಮೊದಲಿನಂತೆಯೇ ಇರಲಿ. ಆಗಲೂ ಬೆಲೆ 1,900ಕ್ಕೇ ಬರುತ್ತದೆ, ಆದರೆ ವ್ಯಾಪಾರ 800 ಚೀಲ. ಎರಡೂ ಸಲ ಬೆಲೆ ಏರಿದ್ದು ನೂರೇ ರೂಪಾಯಿ. ಬೆಲೆಯನ್ನಷ್ಟೇ ನೋಡಿದರೆ ಯಾವ ಗೆರೆ ಸರಿಯಿತೆಂದು ಹೇಳಲಾಗದು, ಪ್ರಮಾಣವನ್ನೂ ನೋಡಬೇಕು. ಬೆಲೆ ಏರಿ ಪ್ರಮಾಣ ಇಳಿದರೆ ಸರಿದದ್ದು ಪೂರೈಕೆ, ಎರಡೂ ಏರಿದರೆ ಬೇಡಿಕೆ. ಎರಡು ಗೆರೆಯೂ ಒಟ್ಟಿಗೆ ಸರಿದರೆ ಇದೂ ಸಾಲದು. ಮೇಲಿನ ಎರಡು ಬದಲಾವಣೆ ಒಂದೇ ವರ್ಷ ಬಂದರೆ ಬೆಲೆ 2,000, ಪ್ರಮಾಣ ಮತ್ತೆ 700. ಹಳೆಯ ಚುಕ್ಕಿ, ಹೊಸ ಚುಕ್ಕಿ ಕೂಡಿಸಿದವನು, ಬೆಲೆ ಎಷ್ಟಾದರೂ ಗಿರಣಿಯವರು ಅಷ್ಟೇ ಕೊಳ್ಳುತ್ತಾರೆ ಎಂದು ಬರೆದುಬಿಡುತ್ತಾನೆ. ವರ್ಕಿಂಗ್ ಎಚ್ಚರಿಸಿದ್ದು ಇದನ್ನೇ.

ಈ ಸಾಲಿನ ಬರಹಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಒಬ್ಬ ವಿದ್ಯಾರ್ಥಿನಿಯ ಅರ್ಧ ಪುಟದ ಚೀಟಿ. ಮಸ್ಕಿ ಕಡೆಯ ಗೆಳತಿ ಹತ್ತಿ ಬಿಡಿಸಲು ಹೋಗಿ ವಾರ ತರಗತಿ ತಪ್ಪಿಸಿಕೊಂಡಿದ್ದಳು. ಅವಳಿಗೆ ಇವಳು ಬರೆದದ್ದು:

"ಮೊದ್ಲು ಎರಡು ಅಕ್ಷದ ಮ್ಯಾಗ ಏನು ಬರ್ದಾರ ನೋಡು. ಅದರಾಗಿಂದು ಬದಲಾದ್ರ ಚುಕ್ಕಿ ಸರೀತದ, ಗೆರಿ ಅಲ್ಲೇ ಇರ್ತದ. ಅಕ್ಷದ ಮ್ಯಾಗ ಇಲ್ಲದ್ದು ಬದಲಾದ್ರ ಗೆರಿನೇ ಸರೀತದ. ನಿಮ್ಮ ಹೊಲದಾಗ ತೊಗರಿ ಹಾಕ್ತೀರಿ, ಹತ್ತಿನೂ ಹಾಕ್ತೀರಿ. ತೊಗರಿ ಚಿತ್ರ ಬರಿಯಾಕ ಹೇಳಿ, ಹತ್ತಿ ರೇಟ್ ಏರ್ತು ಅಂದ್ರ ಏನ್ ಮಾಡ್ತಿ? ಚಿತ್ರದಾಗ ಇರೋದು ತೊಗರಿ ರೇಟು, ಹತ್ತೀದಲ್ಲ. ನಿಮ್ಮಪ್ಪ ಹತ್ತಿ ಜಾಸ್ತಿ ಹಾಕ್ತಾನ, ತೊಗರಿ ಗೆರಿ ಎಡಕ್ಕ ಹೋಗ್ತದ. ಒಂದು ಗೆರಿ ಸರಿದ್ರ ಇನ್ನೊಂದರ ಮ್ಯಾಗ ಚುಕ್ಕಿ ಸರೀತದ, ಎರಡೂ ಗೆರಿ ಸರಸಬ್ಯಾಡ."

ಗೈಡಿನ ಸೂತ್ರ ಪದವನ್ನು ನೋಡುತ್ತದೆ, ಈ ಹುಡುಗಿ ಅಕ್ಷವನ್ನು ನೋಡಿದಳು. ಅಡ್ಡ ಅಕ್ಷದ ಮೇಲೆ ಪ್ರಮಾಣ, ಲಂಬ ಅಕ್ಷದ ಮೇಲೆ ಆದಾಯ ಇಟ್ಟು ಚಿತ್ರ ಕೊಟ್ಟರೆ ಆದಾಯದ ಏರಿಕೆ ಚಲನೆಯಾಗುತ್ತದೆ, ಬೆಲೆಯ ಏರಿಕೆ ಪಲ್ಲಟವಾಗುತ್ತದೆ. ಗೈಡಿನ ಸೂತ್ರ ಅಲ್ಲಿ ಪೂರ್ತಿ ತಲೆಕೆಳಗು, ಚೀಟಿಯ ಮಾತು ಹಾಗೇ ನಿಲ್ಲುತ್ತದೆ.

ಚೀಟಿ ಓದಿದ ಗೆಳತಿ ಮಾರನೆಯ ವಾರ ನನ್ನನ್ನೇ ಒಂದು ಪ್ರಶ್ನೆ ಕೇಳಿದಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ ಸರ್, ಆಗ ಗದ್ದೆಯಲ್ಲಿ ಇನ್ನೂ ನಾಟಿ ಪೈರು, ಒಂದು ಚೀಲವೂ ಕಡಿಮೆ ಬಂದಿಲ್ಲ, ಹಾಗಿದ್ದ ಮೇಲೆ ಅಂಥ ಸುದ್ದಿಗೆ ಯಾವ ಗೆರೆ ಸರಿಯಬೇಕು? ಹಳೆಯ ಭತ್ತ ಇಟ್ಟುಕೊಂಡವರು ಮುಂದೆ ಬೆಲೆ ಬರುತ್ತದೆಂದು ಮಾರದೆ ತಡೆದರೆ ಪೂರೈಕೆ ಎಡಕ್ಕೆ ಸರಿಯುತ್ತದೆ, ಗಿರಣಿಯವರು ಈಗಲೇ ಕೊಂಡಿಡೋಣವೆಂದರೆ ಬೇಡಿಕೆ ಬಲಕ್ಕೆ ಸರಿಯುತ್ತದೆ ಎಂದೆ. ಬೆಲೆ ಏರುವುದು ಖಚಿತ, ಪ್ರಮಾಣ ಏರುವುದೋ ಇಳಿಯುವುದೋ ಎಂಬುದು ಯಾವುದು ಎಷ್ಟು ಸರಿಯಿತೆಂಬುದರ ಮೇಲೆ ನಿಂತಿದೆ. ನಿರೀಕ್ಷೆಯಿಂದ ಎರಡೂ ಗೆರೆ ಸರಿಯುವ ಇಂಥ ಒಂದು ಲೆಕ್ಕವೂ ನಾನು ತಿರುವಿ ಹಾಕಿದ ಗೈಡುಗಳಲ್ಲಿ ಇಲ್ಲ. 'ಭವಿಷ್ಯದ ನಿರೀಕ್ಷೆ' ಎಂದು ಪಟ್ಟಿಯ ಕೊನೆಗೆ ಒಂದು ಸಾಲು ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ.