ಹೋದದ್ದು ಮರಳಿ ಬರಲು ಎಷ್ಟು ಕಾಲ ಬೇಕು?

ದೇವರ ಮುಂದೆ ಹಚ್ಚಿದ ಊದುಬತ್ತಿಯ ಪರಿಮಳ ಸ್ವಲ್ಪ ಹೊತ್ತಿನಲ್ಲಿ ಮನೆಯೆಲ್ಲಾ ಹರಡುತ್ತದೆ. ಹಾಗೆ ಹರಡಿದ ಪರಿಮಳ ತಾನಾಗಿಯೇ ಹಿಂದಿರುಗಿ ಒಂದು ಮೂಲೆಯಲ್ಲಿ ಸೇರಿದ್ದನ್ನು ಕಂಡವರಿಲ್ಲ. ಅದು ಎಂದೂ ಆಗದ ಸಂಗತಿಯೇ, ಅಥವಾ ಅದನ್ನು ನೋಡುವಷ್ಟು ಕಾಲ ಯಾರೂ ಕಾದಿಲ್ಲವೇ? ಸರಳವಾಗಿ ಕಾಣುವ ಈ ಪ್ರಶ್ನೆ 1896ರಲ್ಲಿ ಇಬ್ಬರು ವಿದ್ವಾಂಸರ ನಡುವೆ ದೊಡ್ಡ ಜಗಳವನ್ನೇ ಹುಟ್ಟುಹಾಕಿತು.

ಒಬ್ಬರು ವಿಯೆನ್ನಾದ ಲುಡ್ವಿಗ್ ಬೋಲ್ಟ್ಸ್‌ಮನ್. ಅನಿಲವೆಂದರೆ ಸದಾ ಓಡಾಡುವ, ಒಂದಕ್ಕೊಂದು ಡಿಕ್ಕಿ ಹೊಡೆಯುವ ಅಸಂಖ್ಯ ಕಣಗಳ ಗುಂಪು. ಹರಡಿಕೊಳ್ಳುವುದು ಆ ಓಡಾಟದ ಫಲ ಎಂದು ಅವರು 1872ರಿಂದಲೇ ವಾದಿಸಿದ್ದರು. ಅಣುಗಳಿವೆ ಎಂಬುದನ್ನೇ ಒಪ್ಪದ ವಿಜ್ಞಾನಿಗಳು ಆಗ ಹಲವರಿದ್ದರು. ಇನ್ನೊಬ್ಬರು ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಅವರ ಸಹಾಯಕರಾಗಿದ್ದ ಯುವ ಗಣಿತಜ್ಞ ಅರ್ನ್‌ಸ್ಟ್ ಜೆರ್ಮೆಲೊ. ಇವರ ಕೈಗೆ ಒಂದು ಹರಿತವಾದ ಅಸ್ತ್ರ ಸಿಕ್ಕಿತ್ತು. ಎಲ್ಲೆಯೊಳಗೆ ಚಲಿಸುವ ಯಾಂತ್ರಿಕ ವ್ಯವಸ್ಥೆ ತಾನು ಹೊರಟ ಸ್ಥಿತಿಯ ತೀರ ಹತ್ತಿರಕ್ಕೆ ಮತ್ತೆ ಮತ್ತೆ ಬರುತ್ತದೆ ಎಂದು ಫ್ರಾನ್ಸಿನ ಆನ್ರಿ ಪ್ವಾಂಕರೆ 1890ರಲ್ಲಿ ಸಾಧಿಸಿದ್ದರು. ಅಣುಗಳ ಮಾತು ನಿಜವಾದರೆ ಹರಡಿದ ಅನಿಲ ಎಂದಾದರೂ ಮೂಲೆಗೆ ಮರಳಲೇಬೇಕು. ಅದು ಮರಳುವುದಿಲ್ಲ, ಆದ್ದರಿಂದ ಬೋಲ್ಟ್ಸ್‌ಮನ್ ಅವರ ವಿವರಣೆ ತಪ್ಪು ಎಂದು ಜೆರ್ಮೆಲೊ ಹೇಳಿದರು. ಮರಳುವುದೇನೋ ನಿಜ, ಆದರೆ ಅದಕ್ಕೆ ಹಿಡಿಯುವ ಕಾಲ ಯಾರ ಊಹೆಗೂ ನಿಲುಕದಷ್ಟು ದೊಡ್ಡದು ಎಂದು ಬೋಲ್ಟ್ಸ್‌ಮನ್ ಉತ್ತರಿಸಿದರು. ಈ ವಾದ ಎಲ್ಲರಿಗೂ ಒಪ್ಪಿಗೆಯಾಗುವ ಮೊದಲೇ, 1906ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಮರುವರ್ಷ ಅವರ ಶಿಷ್ಯ ಪಾಲ್ ಎರೆನ್‌ಫೆಸ್ಟ್ ಮತ್ತು ಅವರ ಪತ್ನಿ, ಗಣಿತಜ್ಞೆ ತತ್ಯಾನಾ ಅಫನಾಸ್ಯೆವಾ, ಗುರುವಿನ ಮಾತನ್ನು ಪರೀಕ್ಷಿಸಲು ಆಟದಂತಹ ಒಂದು ಮಾದರಿಯನ್ನು ಮುಂದಿಟ್ಟರು. ಎರಡು ಪೆಟ್ಟಿಗೆಗಳು, ಅವುಗಳಲ್ಲಿ ಸಂಖ್ಯೆ ಬರೆದ ಚೆಂಡುಗಳು. ಪ್ರತಿ ಸಲ ಚೀಟಿ ಎತ್ತಿ, ಅದರಲ್ಲಿ ಬಂದ ಸಂಖ್ಯೆಯ ಚೆಂಡನ್ನು ಇದ್ದ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಕಬೇಕು. ಚೀಟಿಯನ್ನು ಮತ್ತೆ ಉಳಿದವುಗಳ ಜೊತೆ ಕಲಸಿಡಬೇಕು. ಇಷ್ಟೇ ನಿಯಮ. ಎರಡು ನಾಯಿಗಳ ನಡುವೆ ನೆಗೆದಾಡುವ ಚಿಗಟಗಳ ಆಟವೆಂದೂ ಇದು ಪ್ರಸಿದ್ಧವಾಯಿತು. ಮುಂದಿನ ಹೆಜ್ಜೆ ಈಗಿನ ಸ್ಥಿತಿಯನ್ನು ಮಾತ್ರ ಅವಲಂಬಿಸುವ ಇಂತಹ ಆಟಕ್ಕೆ ಇಂದು ‘ಮಾರ್ಕೊವ್ ಸರಪಳಿ’ ಎಂದು ಹೆಸರು. ರಷ್ಯಾದ ಆಂದ್ರೇ ಮಾರ್ಕೊವ್ ಇಂತಹ ಸರಪಳಿಗಳ ಬಗ್ಗೆ 1906ರಿಂದ ಬರೆಯತೊಡಗಿದ್ದರು.

ಎರಡೇ ಚೆಂಡುಗಳಿಂದ ಆಟ ಆರಂಭಿಸೋಣ. ಎರಡೂ ಎಡಪೆಟ್ಟಿಗೆಯಲ್ಲಿವೆ. ಮೊದಲ ಚೀಟಿಗೆ ಒಂದು ಚೆಂಡು ಬಲಕ್ಕೆ ಹೋಗಲೇಬೇಕು. ಎರಡನೆಯ ಚೀಟಿಗೆ ಅದೇ ಚೆಂಡು ಹಿಂದಿರುಗಬಹುದು ಅಥವಾ ಉಳಿದ ಚೆಂಡೂ ಬಲಕ್ಕೆ ಹೋಗಬಹುದು. ಎರಡಕ್ಕೂ ಸಮಾನ ಅವಕಾಶ. ಎರಡೂ ಬಲಕ್ಕೆ ಹೋದರೆ ಮುಂದಿನ ಚೀಟಿಗೆ ಒಂದು ಎಡಕ್ಕೆ ಬರುತ್ತದೆ, ಮತ್ತೆ ಅದೇ ಸಮಾನ ಅವಕಾಶ. ಹೀಗೆ ಮೊದಲಿನ ಸ್ಥಿತಿ ಎರಡು ಚೀಟಿಗೆ ಮರಳುವ ಅವಕಾಶ ಅರ್ಧ, ನಾಲ್ಕಕ್ಕೆ ಕಾಲು, ಆರಕ್ಕೆ ಅರೆಕಾಲು. ಇವೆಲ್ಲದರ ಸರಾಸರಿ ತೆಗೆದರೆ ನಾಲ್ಕು ಚೀಟಿ.

ಇದನ್ನೇ ಇನ್ನೊಂದು ದಾರಿಯಲ್ಲಿ ನೋಡಬಹುದು. ಆಟ ಬಹಳ ಕಾಲ ನಡೆದರೆ ಪ್ರತಿ ಚೆಂಡೂ ಅರ್ಧ ಕಾಲ ಎಡಕ್ಕೆ, ಅರ್ಧ ಕಾಲ ಬಲಕ್ಕೆ ಇರುತ್ತದೆ. ಎರಡು ಚೆಂಡುಗಳನ್ನು ಇಡುವ ಬಗೆಗಳು ನಾಲ್ಕು, ನಾಲ್ಕಕ್ಕೂ ಸಮಪಾಲು. ಎರಡೂ ಎಡಕ್ಕಿರುವುದು ಒಟ್ಟು ಕಾಲದ ನಾಲ್ಕನೇ ಒಂದು ಪಾಲು. ಆ ಪಾಲನ್ನು ತಲೆಕೆಳಗು ಮಾಡಿದರೆ ಬರುವುದು ನಾಲ್ಕು, ಅಂದರೆ ಸರಾಸರಿ ಕಾಯುವಿಕೆ.

ಇದು ಆಕಸ್ಮಿಕವಲ್ಲ. ದಿನದ 24 ಗಂಟೆಗಳಲ್ಲಿ ಊರಿಗೆ 12 ಬಸ್ಸು ಬರುತ್ತವೆ ಎಂದರೆ ಎರಡು ಬಸ್ಸುಗಳ ನಡುವಣ ಸರಾಸರಿ ಅಂತರ ಎರಡು ಗಂಟೆ. ಹಾಗೆಯೇ 10,000 ಚೀಟಿಗಳಲ್ಲಿ ಸುಮಾರು 2,500 ಸಲ ಒಂದು ಸ್ಥಿತಿ ಬಂದರೆ, ಒಂದು ಬಂದಮೇಲೆ ಇನ್ನೊಂದು ಬರಲು ಸರಾಸರಿ ನಾಲ್ಕು ಚೀಟಿ ಹಿಡಿದಿರಲೇಬೇಕು. ಅಪರೂಪದ ಸ್ಥಿತಿಗೆ ದೀರ್ಘ ಕಾಯುವಿಕೆ, ಸಾಮಾನ್ಯ ಸ್ಥಿತಿಗೆ ಅಲ್ಪ ಕಾಯುವಿಕೆ.

ಈಗ ಚೆಂಡುಗಳನ್ನು ಹೆಚ್ಚಿಸೋಣ. ಸೆಕೆಂಡಿಗೊಂದು ಚೀಟಿ ಎತ್ತಿದರೆ, ಹತ್ತು ಚೆಂಡುಗಳೂ ಎಡಕ್ಕೆ ಮರಳಲು ಸರಾಸರಿ 1,024 ಸೆಕೆಂಡು, ಅಂದರೆ ಸುಮಾರು 17 ನಿಮಿಷ ಬೇಕು. ಸುಮ್ಮನೆ ಕುಳಿತು ಕಾಯಬಹುದು. ನೂರು ಚೆಂಡುಗಳಾದರೆ? ಎರಡನ್ನು ನೂರು ಸಲ ಗುಣಿಸಿದಷ್ಟು ಸೆಕೆಂಡು. ವರ್ಷದ ಲೆಕ್ಕದಲ್ಲಿ ನಾಲ್ಕರ ಮುಂದೆ 22 ಸೊನ್ನೆ. ವಿಶ್ವದ ಈವರೆಗಿನ ವಯಸ್ಸಿನ ಸುಮಾರು ಮೂರು ಲಕ್ಷ ಕೋಟಿ ಪಟ್ಟು! ಆದರೆ ಅದೇ ಆಟದಲ್ಲಿ ಐವತ್ತು-ಐವತ್ತು ಎಂಬ ಸ್ಥಿತಿ ಒಟ್ಟು ಕಾಲದ ಸುಮಾರು ಶೇಕಡಾ 8ರಷ್ಟು ಹೊತ್ತು ಇರುತ್ತದೆ. ಅದು ಮರಳಲು ಸರಾಸರಿ ಹದಿಮೂರು ಸೆಕೆಂಡು ಸಾಕು. ನೂರು ಚೆಂಡಿಗೇ ಈ ಗತಿಯಾದರೆ ಕೋಣೆಯ ಗಾಳಿಯಲ್ಲಿರುವ ಅಣುಗಳ ಪಾಡೇನು? ಜೆರ್ಮೆಲೊ ಹೇಳಿದಂತೆ ಮರಳುವಿಕೆ ಖಚಿತ. ಬೋಲ್ಟ್ಸ್‌ಮನ್ ಹೇಳಿದಂತೆ ಅದನ್ನು ಕಾಣುವವರು ಯಾರೂ ಇರುವುದಿಲ್ಲ.

ಆದರೆ ಎಲ್ಲ ಆಟದಲ್ಲೂ ಮರಳುವಿಕೆ ಖಚಿತವಲ್ಲ. ಚೆಂಡುಗಳೆಲ್ಲ ಬಲಪೆಟ್ಟಿಗೆ ಸೇರಿದ ಕೂಡಲೇ ಮುಚ್ಚಳ ಹಾಕಿ ಆಟ ನಿಲ್ಲಿಸಬೇಕು ಎಂದು ನಿಯಮ ಬದಲಿಸಿದರೆ ಚಿತ್ರವೇ ಬೇರೆ. ಎರಡು ಚೆಂಡಿನ ಆಟದಲ್ಲಿ ಮೊದಲಿನ ಸ್ಥಿತಿಗೆ ಮರಳುವ ಅವಕಾಶ ಈಗ ಅರ್ಧ ಮಾತ್ರ. ಉಳಿದರ್ಧದಲ್ಲಿ ಮುಚ್ಚಳ ಬೀಳುತ್ತದೆ. ಇಂತಹವು ದಾಟಿಹೋಗುವ ಸ್ಥಿತಿಗಳು. ಹಿಂದಿನ ಆಟದಲ್ಲಿದ್ದವು ಮರುಕಳಿಸುವ ಸ್ಥಿತಿಗಳು. ಮಕ್ಕಳ ಹಾವು-ಏಣಿ ಆಟವೂ ಹೀಗೆಯೇ. ಹಾವು ನುಂಗಿದ ಕಾಯಿ ಹಳೆಯ ಮನೆಗೆ ಒಂದೆರಡು ಸಲ ಬರಬಹುದು, ಆದರೆ ಕೊನೆಗೆ ನೂರನೆಯ ಮನೆ ಸೇರಿದ ಮೇಲೆ ಹಿಂದಿರುಗುವುದಿಲ್ಲ. ಬಹುಕಾಲದ ಲೆಕ್ಕದಲ್ಲಿ ಉಳಿದ ಮನೆಗಳ ಪಾಲು ಸೊನ್ನೆ. ಸೊನ್ನೆಯನ್ನು ತಲೆಕೆಳಗು ಮಾಡಿ ಕಾಯುವ ಕಾಲ ಹೇಳಲಾಗದು.

ಎರಡನ್ನೂ ಗುರುತಿಸುವುದು ಸುಲಭ. ಒಂದು ಸ್ಥಿತಿಯಿಂದ ಹೊರಟು ಎಲ್ಲೆಲ್ಲಿಗೆ ಹೋಗಬಹುದೋ ಅಲ್ಲಿಂದೆಲ್ಲ ಮರಳುವ ದಾರಿಯಿದೆಯೇ ಎಂದು ನೋಡಬೇಕು. ಸ್ಥಿತಿಗಳ ಸಂಖ್ಯೆಗೆ ಮಿತಿಯಿರುವ ಸರಪಳಿಯಲ್ಲಿ ಅಷ್ಟೇ ಸಾಕು. ಮರಳುವುದು ಖಚಿತ, ಸರಾಸರಿ ಕಾಲಕ್ಕೂ ಮಿತಿಯುಂಟು. ಮಿತಿಯಿಲ್ಲದಿದ್ದರೆ ಈ ಭರವಸೆಯಿಲ್ಲ. ಕೊನೆಯಿಲ್ಲದ ಗೆರೆಯ ಮೇಲೆ ನಾಣ್ಯ ಚಿಮ್ಮಿ ಎಡಕ್ಕೋ ಬಲಕ್ಕೋ ಹೆಜ್ಜೆಯಿಡುವವನು ಹೊರಟ ಜಾಗಕ್ಕೆ ಬಂದೇ ಬರುತ್ತಾನೆ. ಆದರೆ ಅವನನ್ನು ಕಾಯುವ ಸರಾಸರಿ ಕಾಲ ಅನಂತ.

ಕಾಲದ ಪಾಲಿಗೂ ಮರಳುವ ಅವಧಿಗೂ ಇರುವ ಈ ನಂಟನ್ನು 1947ರಲ್ಲಿ ಪೋಲೆಂಡ್ ಮೂಲದ, ಅಮೆರಿಕದಲ್ಲಿ ನೆಲೆಸಿದ್ದ ಮಾರ್ಕ್ ಕಾಟ್ಸ್ ವ್ಯಾಪಕವಾದ ಪ್ರಮೇಯವಾಗಿ ನಿರೂಪಿಸಿದರು. ಎರೆನ್‌ಫೆಸ್ಟ್ ದಂಪತಿಯ ಪೆಟ್ಟಿಗೆಗಳನ್ನೂ ಅವರು ಅದೇ ವರ್ಷ ಲೆಕ್ಕ ಹಾಕಿ ತೋರಿಸಿದರು.

ಈ ಸೂತ್ರವನ್ನು ಬಳಸುವಾಗ ಎರಡು ಎಚ್ಚರಿಕೆ ಬೇಕು. ಅದು ಹೇಳುವುದು ಹೊರಟಲ್ಲಿಗೇ ಮರಳುವ ಕಾಲವನ್ನು, ಬೇರೆಡೆಯಿಂದ ಬಂದು ಸೇರುವ ಕಾಲವನ್ನಲ್ಲ. ಎರಡು ಚೆಂಡಿನ ಆಟದಲ್ಲಿ ಒಂದೊಂದು ಚೆಂಡು ಎರಡೂ ಕಡೆ ಇರುವಾಗ ಹೊರಟರೆ, ಎರಡೂ ಎಡ ಸೇರಲು ಸರಾಸರಿ ಮೂರು ಚೀಟಿ, ನಾಲ್ಕಲ್ಲ. ಇನ್ನು ಸರಾಸರಿಯೆಂದರೆ ಗಡುವಲ್ಲ. ಸರಾಸರಿ ನಾಲ್ಕಾದರೂ ಅರ್ಧದಷ್ಟು ಸಲ ಎರಡೇ ಚೀಟಿಗೆ ಮರಳುವಿಕೆ ಮುಗಿದಿರುತ್ತದೆ. ಅಪರೂಪಕ್ಕೆ ಇಪ್ಪತ್ತು ಚೀಟಿ ಎತ್ತಿದರೂ ಮುಗಿದಿರುವುದಿಲ್ಲ. ಊದುಬತ್ತಿಯ ಪರಿಮಳ ನಾಳೆಯೇ ಮೂಲೆ ಸೇರುವುದಿಲ್ಲ ಎಂದು ಗಣಿತ ಆಣೆಯಿಟ್ಟು ಹೇಳುವುದಿಲ್ಲ. ಅದನ್ನು ನಂಬಿ ಯಾರೂ ಕಾದು ಕೂರಬೇಕಾಗಿಲ್ಲ ಎಂದಷ್ಟೇ ಹೇಳುತ್ತದೆ.