ಕೊಟೇಶನ್‌ಗೆ ಅಂಕ ಹಾಕುವುದು ಹೇಗೆ? ಲಕೋಟೆ ಒಡೆಯುವ ಮೊದಲೇ ಬರೆದಿಡಬೇಕಾದ ಲೆಕ್ಕ

ಸಿಂಧನೂರು: ಸಂಘಕ್ಕೆ ಸಾಮಾನು ಕೊಂಡಾಗ ‘ಕಡಿಮೆ ರೇಟಿನವರನ್ನ ಬಿಟ್ಟು ಇವರಿಗೇ ಯಾಕೆ ಕೊಟ್ರಿ?’ ಅಂತ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಖರೀದಿ ಸಮಿತಿಯ ಅಂಕಪಟ್ಟಿಯಲ್ಲಿ ಇರಬೇಕು.

ಮಸ್ಕಿ ಕಡೆಯ ಒಂದು ರೈತ ಉತ್ಪಾದಕ ಕಂಪನಿ ಭತ್ತ ತೂಗಲು ಎಲೆಕ್ಟ್ರಾನಿಕ್ ತೂಕದ ಯಂತ್ರ ಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಸಮಿತಿ 100 ಅಂಕದಲ್ಲಿ ದರಕ್ಕೆ 50, ರಿಪೇರಿ ಸೇವೆಗೆ 30, ವಾರಂಟಿಗೆ 20 ಇಡುತ್ತದೆ. ಮಾದರಿ ಅನುಮೋದನೆ ಇಲ್ಲದ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಲು ಬಾರದ ಯಂತ್ರಕ್ಕೆ ಅಂಕವೇ ಇಲ್ಲ, ಅದು ಬಾಗಿಲಲ್ಲೇ ಹೊರಗೆ.

ದರದ ಅಂಕ ಸರಳ: ಎಲ್ಲಕ್ಕಿಂತ ಕಡಿಮೆ ದರವನ್ನು ಆಯಾ ದರದಿಂದ ಭಾಗಿಸಿ 50ರಿಂದ ಗುಣಿಸಿ. ಸೇವೆಗೆ, ಕರೆ ಮಾಡಿದ ಮರುದಿನ ಬಂದರೆ 30, ಮೂರು ದಿನದೊಳಗೆ 20, ಅದಕ್ಕೂ ತಡವಾದರೆ 10. ವಾರಂಟಿ ಒಂದು ವರ್ಷಕ್ಕೆ 8, ಎರಡಕ್ಕೆ 14, ಮೂರಕ್ಕೆ 20. ‘ಸೇವೆ ಚೆನ್ನಾಗಿದೆ’ ಅಂತಷ್ಟೇ ಬರೆದರೆ ಇಬ್ಬರು ಸದಸ್ಯರು ಎರಡು ಥರ ಅಂಕ ಕೊಡುತ್ತಾರೆ. ಹಾಗಾದರೆ ಮಾನದಂಡವೇ ಸಡಿಲ ಅಂತ ತಿಳಿಯಬೇಕು.

ಮೂರು ಕೊಟೇಶನ್ ಬಂದವು. ಮೊದಲನೆಯದು ₹90,000, ಒಂದು ವರ್ಷದ ವಾರಂಟಿ, ರಿಪೇರಿಯವರು ಬರಲು ಐದು ದಿನ: 50+10+8, ಒಟ್ಟು 68. ಎರಡನೆಯದು ₹1,00,000, ಎರಡು ವರ್ಷ, ಲಿಂಗಸುಗೂರಿನಿಂದ ಮರುದಿನವೇ ಬರುತ್ತಾರೆ: 45+30+14, ಒಟ್ಟು 89. ಮೂರನೆಯದು ₹1,20,000, ಮೂರು ವರ್ಷ, ಸೇವೆ ಮರುದಿನವೇ: 37.5+30+20, ಒಟ್ಟು 87.5. ಎರಡನೆಯವರಿಗೆ ಆರ್ಡರ್.

ಈಗ ದರಕ್ಕೆ 40, ವಾರಂಟಿಗೆ 30 ಅಂತ ಬದಲಿಸಿ ನೋಡಿ. ವಾರಂಟಿ ಅಂಕಗಳು ಅದೇ ಪ್ರಮಾಣದಲ್ಲಿ 12, 21, 30 ಆಗುತ್ತವೆ. ಎರಡನೆಯವರಿಗೆ 87, ಮೂರನೆಯವರಿಗೆ 90. ಕೊಟೇಶನ್ ಅವೇ, ಗೆದ್ದವರು ಮಾತ್ರ ಬೇರೆ! ಲಕೋಟೆ ಒಡೆದ ಮೇಲೆ ಅಂಕ ಹಂಚಿದರೆ ಬೇಕಾದವರನ್ನು ಗೆಲ್ಲಿಸಬಹುದು ಅನ್ನುವ ಅನುಮಾನ ಹುಟ್ಟುವುದು ಇಲ್ಲೇ. ಆದ್ದರಿಂದ ಅಂಕದ ಹಂಚಿಕೆ ಕೊಟೇಶನ್ ಕರೆಯುವ ಪತ್ರದಲ್ಲೇ ಇರಬೇಕು, ದಿನಾಂಕ ಹಾಕಿ ಎಲ್ಲ ಸದಸ್ಯರು ಸಹಿ ಮಾಡಿರಬೇಕು. ಸದಸ್ಯರೊಬ್ಬರ ಬೀಗರ ಅಂಗಡಿಯೂ ಕೊಟೇಶನ್ ಹಾಕಿದ್ದರೆ ಆ ಸದಸ್ಯರು ಅಂಕ ಹಾಕದೆ ಹೊರಗಿರಲಿ, ಅದನ್ನೂ ನಡಾವಳಿಯಲ್ಲಿ ಬರೆಯಿರಿ.

ಮರುದಿನ ಬರುತ್ತೇವೆ ಅನ್ನುವ ಮಾತು ಬಾಯಿಮಾತಾದರೆ ಅದಕ್ಕೆ 30 ಕೊಡಬೇಡಿ. ಲಿಖಿತವಾಗಿ ಕೇಳಿ, ಅವರ ಹಳೆಯ ಗಿರಾಕಿಗಳಿಬ್ಬರಿಗೆ ಫೋನ್ ಮಾಡಿ ವಿಚಾರಿಸಿ.

ನಗರಸಭೆಯಂಥ ಸರ್ಕಾರಿ ಸಂಸ್ಥೆಗಳು ಈ ಪಟ್ಟಿಯನ್ನು ಹಾಗೇ ಬಳಸಲಾಗದು. ಅಲ್ಲಿ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ, ಅನ್ವಯಿಸುತ್ತದೆ. ಸಾಮಾನು ಖರೀದಿಯಲ್ಲಿ ಟೆಂಡರಿನ ಷರತ್ತು ಪೂರೈಸಿದವರ ಪೈಕಿ ಕಡಿಮೆ ದರದವರನ್ನು ಒಪ್ಪುವುದೇ ಅಲ್ಲಿನ ಸಾಮಾನ್ಯ ಕ್ರಮ. ಹಾಗಾಗಿ ಸೇವೆ, ವಾರಂಟಿ ಎರಡನ್ನೂ ಅವರು ಷರತ್ತಿನಲ್ಲೇ ಹಾಕಬೇಕು.